ಇಡ್ಲಿ-ದೋಸೆ ಹಿಟ್ಟಿನ ಘಟಕಕ್ಕೆ ಹನ್ನೆರಡು ತಿಂಗಳ ಖರ್ಚಿನ ಹಾಳೆ: ಹೂಡಿಕೆದಾರರಿಂದ ಎಷ್ಟು ಕೇಳಬೇಕು?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 1,200 ಚದರಡಿಯ ಶೆಡ್ ಬಾಡಿಗೆಗೆ ಹಿಡಿದು ಪ್ಯಾಕೆಟ್ ಇಡ್ಲಿ-ದೋಸೆ ಹಿಟ್ಟು ತಯಾರಿಸುವ ಘಟಕ ಇಲ್ಲಿನ ಉದಾಹರಣೆ. ದಿನಕ್ಕೆ 500 ಕೆ.ಜಿ. ಆಸುಪಾಸಿನ ಸಾಮರ್ಥ್ಯ, ಪ್ರೈವೇಟ್ ಲಿಮಿಟೆಡ್ ಕಂಪನಿ, ಇಬ್ಬರು ಸ್ಥಾಪಕರು, ಆರು ಜನ ಕೆಲಸಗಾರರು. ಹೂಡಿಕೆದಾರರ ಹಣ ಏಪ್ರಿಲ್‌ನಲ್ಲಿ ಬರುತ್ತದೆ ಎಂದುಕೊಂಡು ಏಪ್ರಿಲ್ ಅನ್ನೇ ಮೊದಲ ತಿಂಗಳು ಎಂದು ಹಿಡಿದಿದೆ. ಬೆಲೆಗಳೆಲ್ಲ ಲೆಕ್ಕದ ದಾರಿ ತೋರಿಸಲು ಇಟ್ಟ ಅಂಕಿಗಳು. ನಿಮ್ಮ ಕೈಗೆ ಕೊಟೇಷನ್ ಬಂದಂತೆ ಅವನ್ನು ಬದಲಿಸಿಕೊಳ್ಳಿ, ಸೂತ್ರಗಳನ್ನು ಹಾಗೇ ಇಟ್ಟುಕೊಳ್ಳಿ.

ಹೆಚ್ಚಿನವರು ಹಾಳೆಯಲ್ಲಿ ಎರಡು ಕಾಲಂ ಮಾಡುತ್ತಾರೆ: ಒಂದು ಸಲದ ಖರ್ಚು, ತಿಂಗಳ ಖರ್ಚು. ಆಮೇಲೆ ಮೊದಲನೆಯದಕ್ಕೆ ಎರಡನೆಯದರ ಹನ್ನೆರಡು ಪಟ್ಟು ಕೂಡಿಸಿ ಅಷ್ಟು ಹಣ ಬೇಕು ಅನ್ನುತ್ತಾರೆ. ಇನ್ನು ಕೆಲವರು ಮೂರು ತಿಂಗಳ ಖರ್ಚನ್ನಷ್ಟೇ ಸೇರಿಸಿ, ಮುಂದಿನದನ್ನು ಮಾರಾಟವೇ ನೋಡಿಕೊಳ್ಳುತ್ತದೆ ಅನ್ನುತ್ತಾರೆ. ಈ ಘಟಕಕ್ಕೆ ಮೊದಲ ದಾರಿ ಹಿಡಿದರೆ ₹45.15 ಲಕ್ಷ, ಎರಡನೆಯ ದಾರಿಯಲ್ಲಿ ₹21.30 ಲಕ್ಷ ಬರುತ್ತದೆ. ಎರಡೂ ತಪ್ಪು. ಮೊದಲನೆಯದು ಮಾರಾಟದಿಂದ ಬರುವ ಹಣವನ್ನು ಬಿಟ್ಟಿದೆ. ಎರಡನೆಯ ಮೊತ್ತ ತಂದರೆ ಮಾರಾಟ ಶುರುವಾದ ತಿಂಗಳಲ್ಲೇ ಬ್ಯಾಂಕ್ ಖಾತೆ ಬರಿದಾಗುತ್ತದೆ. ಸರಿಯಾದ ಅಂಕಿ ಸಿಗಬೇಕಾದರೆ ಪ್ರತಿ ಖರ್ಚಿಗೂ ಅದು ಯಾವ ತಿಂಗಳು ಕೈಬಿಡುತ್ತದೆ, ಮತ್ತೆ ಬರುತ್ತದೆಯೇ, ತನ್ನ ಹಿಂದೆ ಬೇರೆ ಯಾವ ಖರ್ಚನ್ನು ಎಳೆದು ತರುತ್ತದೆ ಎಂದು ಕೇಳಬೇಕು.

ಒಂದು ಸಲದ ಖರ್ಚಿನ ಹಾಳೆ

`OneTime` ಎಂಬ ಹಾಳೆ ತೆರೆಯಿರಿ. A ಕಾಲಂನಲ್ಲಿ ವಸ್ತುವಿನ ಹೆಸರು, B ಯಲ್ಲಿ ಆಧಾರ (ಯಾರ ಕೊಟೇಷನ್, ಯಾವ ತಾರೀಕು), C ಯಲ್ಲಿ ಬಗೆ, D ಯಲ್ಲಿ ಹಣ ಕೊಡುವ ತಿಂಗಳು, E ಯಲ್ಲಿ ಮೊತ್ತ. ಇಲ್ಲಿ ಒಂದು ಸಾಲು ಎಂದರೆ ಒಂದು ಪಾವತಿ, ಒಂದು ವಸ್ತುವಲ್ಲ. ಕೋಲ್ಡ್ ರೂಮ್ ಮಾಡುವವರು ಆರ್ಡರ್ ಜೊತೆಗೆ ಅರ್ಧ, ಸಾಮಾನು ಬಂದಾಗ ಉಳಿದದ್ದರಲ್ಲಿ ಹೆಚ್ಚಿನ ಪಾಲು, ಅಳವಡಿಸಿ ಕೊಟ್ಟ ಮೇಲೆ ಕೊನೆಯ ಕಂತು ಕೇಳಿದರೆ ಅದಕ್ಕೆ ಮೂರು ಸಾಲು ಬೇಕು. ಒಟ್ಟು ಮೊತ್ತವನ್ನು ಒಂದೇ ತಿಂಗಳಿಗೆ ಹಾಕಿದರೆ ಮೊದಲ ತಿಂಗಳ ಅಗತ್ಯ ಸುಮ್ಮನೆ ಉಬ್ಬಿ ಕಾಣುತ್ತದೆ.

ಈ ಘಟಕದ ಸಾಲುಗಳು ಹೀಗಿವೆ. 40 ಲೀಟರಿನ ಟಿಲ್ಟಿಂಗ್ ಗ್ರೈಂಡರ್ ಎರಡು, ₹1,70,000. ಕೋಲ್ಡ್ ರೂಮ್ ₹3,20,000. ಪೌಚ್ ತುಂಬಿ ಸೀಲ್ ಮಾಡುವ ಸೆಮಿ-ಆಟೊಮ್ಯಾಟಿಕ್ ಯಂತ್ರ ₹1,10,000. ನೆನೆಹಾಕುವ ಸ್ಟೀಲ್ ತೊಟ್ಟಿ, ಮೇಜು, ತೂಕದ ಯಂತ್ರ, ಕ್ರೇಟ್ ಎಲ್ಲ ಸೇರಿ ₹1,20,000. ತ್ರೀ ಫೇಸ್ ವೈರಿಂಗ್ ಮತ್ತು ಪ್ಯಾನಲ್ ₹1,10,000. ನೀರು ಶುದ್ಧೀಕರಣ ₹60,000. ನೆಲಕ್ಕೆ ಟೈಲ್ಸ್ ಹಾಗೂ ಚರಂಡಿ ₹1,60,000. ಸೆಕೆಂಡ್ ಹ್ಯಾಂಡ್ ಜನರೇಟರ್ ₹1,40,000. ಕಂಪನಿ ನೋಂದಣಿ, ಎಫ್‌ಎಸ್‌ಎಸ್‌ಎಐ ಮತ್ತು ಇತರ ಪರವಾನಗಿ, ಟ್ರೇಡ್‌ಮಾರ್ಕ್ ₹55,000. ಪೌಚ್ ಮುದ್ರಣದ ಸಿಲಿಂಡರ್ ₹30,000. ಸಾಗಣೆ, ಇಳಿಸುವ ಕೂಲಿ, ಅಳವಡಿಕೆ ₹35,000. ಪ್ರಾಯೋಗಿಕವಾಗಿ ರುಬ್ಬಿ ಚೆಲ್ಲುವ ಹಿಟ್ಟಿಗೆ ₹25,000. ಒಟ್ಟು ₹13,35,000.

ಕೊನೆಯ ಮೂರು ಸಾಲುಗಳೇ ಹೆಚ್ಚಿನ ಬಜೆಟ್‌ಗಳಲ್ಲಿ ಕಾಣೆಯಾಗಿರುತ್ತವೆ. ಅದರಲ್ಲೂ ಸಿಲಿಂಡರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪೌಚ್ ರೋಲ್ ಮೇಲೆ ಮುದ್ರಿಸುವಾಗ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಐದು ಬಣ್ಣವಾದರೆ ಐದು ಸಿಲಿಂಡರ್. ಅದು ಒಂದು ಸಲದ ಖರ್ಚು. ಆದರೆ ಪೌಚ್ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕಾದ್ದರಿಂದ ಸಂಖ್ಯೆ ಕೈಗೆ ಬರುವ ಮೊದಲು ಸಿಲಿಂಡರ್ ಕೆತ್ತಿಸಿದರೆ ಆ ಬಣ್ಣದ ಸಿಲಿಂಡರ್ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ. ಎಂಆರ್‌ಪಿ ಮತ್ತು ದಿನಾಂಕವನ್ನು ಸಿಲಿಂಡರ್‌ನಲ್ಲಿ ಹಾಕಿಸಲೇಬೇಡಿ. ಅವನ್ನು ಪ್ಯಾಕ್ ಮಾಡುವಾಗ ಕೋಡಿಂಗ್ ಯಂತ್ರದಲ್ಲಿ ಒತ್ತಬೇಕು, ಇಲ್ಲದಿದ್ದರೆ ಬೆಲೆ ಎರಡು ರೂಪಾಯಿ ಏರಿಸಿದಾಗಲೂ ಈ "ಒಂದು ಸಲದ" ಖರ್ಚು ಮರಳಿ ಬರುತ್ತದೆ. ಜೊತೆಗೆ ಮುದ್ರಣದವರು ಸಣ್ಣ ಆರ್ಡರ್ ಒಪ್ಪುವುದಿಲ್ಲ. ಇಲ್ಲಿ ಮೊದಲ ಆರ್ಡರ್‌ಗೆ ಸುಮಾರು 17,000 ಪೌಚ್, ₹60,000. ಇದು ಸ್ಥಾಪನೆಯ ಖರ್ಚೂ ಅಲ್ಲ, ತಿಂಗಳ ಖರ್ಚೂ ಅಲ್ಲ, ದಾಸ್ತಾನು. ಅದಕ್ಕೆ C ಕಾಲಂನಲ್ಲಿ ಬೇರೆ ಗುರುತು ಬೇಕು.

C ಕಾಲಂನ ಮೂರು ಗುರುತು

`S` ಎಂದರೆ ಹೋದ ಹಣ: ಟೈಲ್ಸ್, ನೋಂದಣಿ, ಯಂತ್ರ. `D` ಎಂದರೆ ವಾಪಸ್ ಬರುವ ಠೇವಣಿ. `W` ಎಂದರೆ ವ್ಯಾಪಾರದೊಳಗೆ ತಿರುಗುತ್ತಲೇ ಇರುವ ಹಣ.

ಠೇವಣಿಯನ್ನು ಖರ್ಚಿನೊಳಗೆ ಸೇರಿಸುವುದು ನಮ್ಮ ಕಡೆಯ ಬಜೆಟ್‌ಗಳಲ್ಲಿ ಕಾಣುವ ದೊಡ್ಡ ತಪ್ಪು, ಏಕೆಂದರೆ ನಮ್ಮಲ್ಲಿ ಬಾಡಿಗೆಯ ಅಡ್ವಾನ್ಸ್ ಅಷ್ಟು ದೊಡ್ಡದು. ತಿಂಗಳಿಗೆ ₹24,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಎಂದರೆ ₹2,40,000. ಇದನ್ನು ಸ್ಥಾಪನೆಯ ಖರ್ಚು ಎಂದು ಬರೆದರೆ ಕಂಪನಿಯ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪೂರ್ತಿ ಬಿಟ್ಟರೆ ಕರಾರಿಗೆ ಸಹಿ ಹಾಕುವ ದಿನ ಹಣ ಸಾಲದೆ ಬರುತ್ತದೆ. ಆದ್ದರಿಂದ ನಗದಿನ ಹಾಳೆಯಲ್ಲಿ ಅದು ಇರಬೇಕು, ಲಾಭ-ನಷ್ಟದ ಹಾಳೆಯಲ್ಲಿ ಇರಬಾರದು. ಶೆಡ್ ಬಿಡುವಾಗ ಮಾಲೀಕರು ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು ಕರಾರಿನಲ್ಲಿದ್ದರೆ ಆ ₹24,000 ವಾಪಸ್ ಬರದು ಎಂದು ಟಿಪ್ಪಣಿ ಹಾಕಿ.

ವಿದ್ಯುತ್ ಸಂಪರ್ಕಕ್ಕೆ ಸೆಸ್ಕ್‌ನಲ್ಲಿ ಕಟ್ಟುವ ಹಣದಲ್ಲೂ ಎರಡು ಪಾಲು ಇರುತ್ತದೆ. ಭದ್ರತಾ ಠೇವಣಿ `D`, ಅರ್ಜಿ ಮತ್ತು ಲೈನ್ ಎಳೆಯುವ ಕೆಲಸದ ಹಣ `S`. ಡಿಮ್ಯಾಂಡ್ ನೋಟಿಸ್‌ನಲ್ಲಿ ಇವು ಬೇರೆ ಬೇರೆ ಸಾಲಿನಲ್ಲಿರುತ್ತವೆ, ಅದನ್ನು ನೋಡಿ ಹಂಚಿ. ಈ ಠೇವಣಿ ಒಮ್ಮೆ ಕಟ್ಟಿ ಮುಗಿಯುವಂಥದ್ದಲ್ಲ. ಬಳಕೆ ಏರಿದರೆ ಮುಂದಿನ ವರ್ಷ ಎಎಸ್‌ಡಿ ಎಂದು ಹೆಚ್ಚುವರಿ ಠೇವಣಿ ಕೇಳುತ್ತಾರೆ. ಕೋಲ್ಡ್ ರೂಮ್ ಇರುವ ಘಟಕಕ್ಕೆ ಅದು ಬಂದೇ ಬರುತ್ತದೆ ಎಂದುಕೊಳ್ಳಿ. ಇಲ್ಲಿ ವಿದ್ಯುತ್ ಠೇವಣಿ ₹40,000, ಬಾಡಿಗೆ ವ್ಯಾನಿನ ಠೇವಣಿ ₹20,000. `D` ಒಟ್ಟು ₹3,00,000.

ತಿಂಗಳವಾರು ಮೊತ್ತ ಎಳೆದುಕೊಳ್ಳಲು `Cash` ಹಾಳೆಯ ಮೊದಲ ಸಾಲಿನಲ್ಲಿ C ಯಿಂದ N ವರೆಗೆ 1 ರಿಂದ 12 ಬರೆದು, ಈ ಸೂತ್ರವನ್ನು ಬಲಕ್ಕೆ ಎಳೆಯಿರಿ:

```
=SUMIFS(OneTime!$E:$E,OneTime!$D:$D,C$1,OneTime!$C:$C,"S")
```

`D`, `W` ಗಳಿಗೂ ಇದೇ ಸೂತ್ರದ ಒಂದೊಂದು ಸಾಲು. ಮೂರರ ಹನ್ನೆರಡು ತಿಂಗಳ ಮೊತ್ತ `OneTime` ನ ಒಟ್ಟಿಗೆ ಸರಿಹೊಂದದಿದ್ದರೆ ಯಾವುದೋ ಸಾಲಿನಲ್ಲಿ ತಿಂಗಳು ಬರೆದಿಲ್ಲ ಅಥವಾ ಗುರುತಿನ ಜೊತೆ ಒಂದು ಖಾಲಿ ಜಾಗ ಸೇರಿಕೊಂಡಿದೆ ಎಂದರ್ಥ.

ತಿಂಗಳ ಖರ್ಚಿನ ಹಾಳೆ

ಎಲ್ಲ ತಿಂಗಳ ಖರ್ಚೂ ಮೊದಲ ತಿಂಗಳಿಂದಲೇ ಶುರುವಾಗುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಬರುತ್ತವೆ. ವಿಮೆಯನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ₹1,500 ಎಂದು ಬರೆಯುವವರಿದ್ದಾರೆ. ಲಾಭ-ನಷ್ಟಕ್ಕೆ ಅದು ಸರಿ, ನಗದಿಗೆ ತಪ್ಪು. ವಿಮಾ ಕಂಪನಿ ₹18,000 ವನ್ನು ಒಂದೇ ಸಲ ಕೇಳುತ್ತದೆ. `Monthly` ಹಾಳೆಯಲ್ಲಿ A ಹೆಸರು, B ಮೊತ್ತ, C ಶುರುವಾಗುವ ತಿಂಗಳು, D ಎಷ್ಟು ತಿಂಗಳಿಗೊಮ್ಮೆ (1, 3 ಅಥವಾ 12). F ನಿಂದ Q ವರೆಗೆ ಹನ್ನೆರಡು ತಿಂಗಳು, ಮೊದಲ ಸಾಲಿನಲ್ಲಿ 1 ರಿಂದ 12. F5 ರಲ್ಲಿ:

```
=IF(AND(F$1>=$C5,MOD(F$1-$C5,$D5)=0),$B5,0)
```

ತಿಂಗಳ ಬಾಡಿಗೆ, ಮೂರು ತಿಂಗಳಿಗೊಮ್ಮೆ ಮಾಡಿಸುವ ನೀರಿನ ಪರೀಕ್ಷೆ, ವರ್ಷದ ವಿಮೆ ಮೂರಕ್ಕೂ ಈ ಒಂದೇ ಸೂತ್ರ ಸಾಕು.

ಮೊದಲ ತಿಂಗಳಿಂದ ಬೀಳುವುದು ಬಾಡಿಗೆ ₹24,000, ಸ್ಥಾಪಕರ ಸಂಬಳ ₹50,000, ಸಿಎ ಮತ್ತು ಲೆಕ್ಕಪತ್ರ ₹6,000. ಮಾರಾಟಕ್ಕೆ ಒಂದು ತಿಂಗಳು ಮೊದಲು ಸೂಪರ್‌ವೈಸರ್ ₹25,000, ಇಬ್ಬರು ಕೆಲಸಗಾರರು ₹36,000, ಇಂಟರ್‌ನೆಟ್-ಫೋನ್ ₹3,000, ವಿದ್ಯುತ್ತಿನ ನಿಗದಿತ ಶುಲ್ಕ ₹6,000 ಸೇರುತ್ತವೆ. ಮಾರಾಟ ಶುರುವಾದ ತಿಂಗಳಿಂದ ಇನ್ನಿಬ್ಬರು ಕೆಲಸಗಾರರು ₹36,000, ಚಾಲಕ ₹18,000, ಕೋಲ್ಡ್ ರೂಮ್ ವಿದ್ಯುತ್ ₹16,000, ವ್ಯಾನ್ ಬಾಡಿಗೆ ₹20,000, ಸ್ವಚ್ಛತೆ-ರಿಪೇರಿ-ಪರೀಕ್ಷೆ ₹10,000, ಪ್ರಚಾರ ₹15,000. ಹೀಗೆ ಮೊದಲ ತಿಂಗಳು ₹80,000, ಎರಡನೆಯದರಲ್ಲಿ ₹1,50,000, ಮೂರನೆಯದರಿಂದ ₹2,65,000.

ವಿದ್ಯುತ್ತನ್ನು ಎರಡು ಸಾಲು ಮಾಡಿದ್ದಕ್ಕೆ ಕಾರಣವಿದೆ. ಮಂಜೂರಾದ ಲೋಡ್ ಮೇಲಿನ ನಿಗದಿತ ಶುಲ್ಕ ಯಂತ್ರ ತಿರುಗಲಿ ಬಿಡಲಿ, ಸಂಪರ್ಕ ಸಿಕ್ಕ ತಿಂಗಳಿಂದ ಬರುತ್ತದೆ. ಕೋಲ್ಡ್ ರೂಮ್ ಒಮ್ಮೆ ಚಾಲೂ ಆದರೆ 300 ಕೆ.ಜಿ. ಇದ್ದರೂ 30 ಕೆ.ಜಿ. ಇದ್ದರೂ ಹೆಚ್ಚುಕಡಿಮೆ ಅಷ್ಟೇ ಬಿಲ್. ರುಬ್ಬುವ ವಿದ್ಯುತ್ ಮಾತ್ರ ಹಿಟ್ಟಿನ ಜೊತೆ ಏರುತ್ತದೆ, ಅದನ್ನು ಕೆ.ಜಿ. ಲೆಕ್ಕದಲ್ಲಿ ಬೇರೆ ಹಿಡಿಯಬೇಕು.

ಇಲ್ಲಿಯೇ ಒಂದು ಸಲದ ಖರ್ಚಿನ ಬಾಲ ಕಾಣಿಸಿಕೊಳ್ಳುತ್ತದೆ. `OneTime` ಹಾಳೆಯ ಪ್ರತಿ ಯಂತ್ರದ ಮುಂದೆ ಅದು `Monthly` ಹಾಳೆಯಲ್ಲಿ ಹುಟ್ಟಿಸುವ ಸಾಲು ಯಾವುದು ಎಂದು ಬರೆಯಿರಿ. ಕೋಲ್ಡ್ ರೂಮ್‌ಗೆ ವಿದ್ಯುತ್ ಮತ್ತು ಎಎಂಸಿ ಎಂಬ ವಾರ್ಷಿಕ ನಿರ್ವಹಣೆಯ ಕರಾರು, ಜನರೇಟರ್‌ಗೆ ಡೀಸೆಲ್ ಮತ್ತು ಆಯಿಲ್ ಬದಲಾವಣೆ, ನೀರಿನ ಘಟಕಕ್ಕೆ ಫಿಲ್ಟರ್ ಮತ್ತು ಮೆಂಬ್ರೇನ್, ಗ್ರೈಂಡರ್‌ಗೆ ಬೆಲ್ಟ್ ಮತ್ತು ಕಲ್ಲು ಕೊಚ್ಚಿಸುವ ಕೆಲಸ. ಬಾಲವಿಲ್ಲದ ಯಂತ್ರ ಹಾಳೆಯಲ್ಲಿ ಕಂಡರೆ ಏನೋ ಬಿಟ್ಟುಹೋಗಿದೆ. ಮೊದಲ ವರ್ಷ ವಾರಂಟಿ ಇರುವುದರಿಂದ ಎಎಂಸಿ ಸೊನ್ನೆಯಾಗಿರುತ್ತದೆ, ಹದಿಮೂರನೆಯ ತಿಂಗಳಿಂದ ಬರುತ್ತದೆ ಎಂದು ಟಿಪ್ಪಣಿಯಲ್ಲಿ ಹೇಳಿ.

ವರ್ಷಕ್ಕೊಮ್ಮೆಯ ಸಾಲುಗಳಲ್ಲಿ ವಿಮೆ ಎರಡನೆಯ ತಿಂಗಳಲ್ಲಿದೆ. ಏಳನೆಯ ತಿಂಗಳು, ಅಂದರೆ ಅಕ್ಟೋಬರ್‌ನಲ್ಲಿ, ಹಬ್ಬದ ಬೋನಸ್ ಬರುತ್ತದೆ. ಆರು ಜನರಿಗೆ ಅರ್ಧ ತಿಂಗಳ ಸಂಬಳದಂತೆ ₹57,500. ಕಾನೂನಿನ ಮಾತು ಏನೇ ಇರಲಿ, ಮೈಸೂರಿನಲ್ಲಿ ದಸರೆಗೆ ಕೈಗೆ ಏನೂ ಕೊಡದ ಘಟಕದಲ್ಲಿ ಹಬ್ಬ ಮುಗಿದ ಮೇಲೆ ಕೆಲಸಗಾರರು ಮರಳುವುದು ಕಷ್ಟ.

ತಲೆ ಎಣಿಕೆಗೂ ಒಂದು ಸಾಲು ಇಡಿ. ಹತ್ತು ಜನ ತಲುಪಿದಾಗ ಇಎಸ್‌ಐ, ಇಪ್ಪತ್ತಾದಾಗ ಪಿಎಫ್ ಅನ್ವಯವಾಗುತ್ತದೆ. ಇಎಸ್‌ಐನಲ್ಲಿ ಸಂಸ್ಥೆಯ ಪಾಲು 3.25%. ಅದು ಹೊಸಬರಿಗಷ್ಟೇ ಅಲ್ಲ, ಸಂಬಳದ ಮಿತಿಯೊಳಗಿನ ಎಲ್ಲರಿಗೂ ಬೀಳುತ್ತದೆ. ಎರಡನೆಯ ಪಾಳಿಗೆ ನಾಲ್ಕು ಜನ ಸೇರಿಸುವ ಯೋಜನೆ ಇದ್ದರೆ ಆ ತಿಂಗಳ ಖರ್ಚು ನಾಲ್ಕು ಸಂಬಳಕ್ಕಿಂತ ಹೆಚ್ಚಾಗಿಯೇ ಏರುತ್ತದೆ.

ಸ್ಥಾಪಕರ ಸಂಬಳ ಸೊನ್ನೆ ಎಂದು ಬರೆಯಬೇಡಿ. ತ್ಯಾಗ ತೋರಿಸಿದಂತಾಗುತ್ತದೆ ಎಂದು ಹಾಗೆ ಬರೆಯುವವರಿದ್ದಾರೆ. ಅನುಭವಿ ಹೂಡಿಕೆದಾರರಿಗೆ ಕಾಣುವುದು ಬೇರೆ: ಮನೆ ನಡೆಸಲು ಇವರು ಎಲ್ಲಿಂದ ಹಣ ತೆಗೆಯುತ್ತಾರೆ?

ಒಂದು ಕೆ.ಜಿ.ಯ ಲೆಕ್ಕ

ಇಡ್ಲಿ ಅಕ್ಕಿ ಕೆ.ಜಿ.ಗೆ ₹45, ಉದ್ದಿನಬೇಳೆ ₹125, ನಾಲ್ಕಕ್ಕೆ ಒಂದರ ಪ್ರಮಾಣ. ಬೆರೆಸಿದ ಧಾನ್ಯ ಕೆ.ಜಿ.ಗೆ ₹61. ಒಂದು ಕೆ.ಜಿ. ಹಿಟ್ಟಿಗೆ ಸುಮಾರು 420 ಗ್ರಾಂ ಧಾನ್ಯ ಬೇಕು. ಮೆಂತ್ಯ, ಉಪ್ಪು, ನೀರು ಸೇರಿ ₹27. ಪೌಚ್ ₹3.50, ರುಬ್ಬುವ ವಿದ್ಯುತ್ ₹1.50, ವಿತರಣೆಯ ಇಂಧನ ₹4. ಒಟ್ಟು ₹36.

ಎಂಆರ್‌ಪಿ ₹80. ಅಂಗಡಿಯವರ 20% ಕಳೆದರೆ ₹64, ಅದರೊಳಗಿನ 5% ಜಿಎಸ್‌ಟಿ ತೆಗೆದರೆ ₹61. ಆದರೆ ಕಳುಹಿಸಿದ್ದೆಲ್ಲ ಮಾರಾಟವಾಗುವುದಿಲ್ಲ. ಹುಳಿ ಹೆಚ್ಚಾಗಿ ಉಬ್ಬಿದ ಪೌಚ್, ತಾರೀಕು ಮೀರಿದ ಪೌಚ್ ವಾಪಸ್ ಬರುತ್ತವೆ. 6% ವಾಪಸಾತಿ ಹಿಡಿದರೆ ಕಳುಹಿಸಿದ ಪ್ರತಿ ಕೆ.ಜಿ.ಗೆ ಬರುವುದು ₹57.34. ಖರ್ಚು ಕಳೆದು ಉಳಿಯುವುದು ಸುಮಾರು ₹21. ತಿಂಗಳ ಸ್ಥಿರ ಖರ್ಚು ₹2,65,000 ವನ್ನು ಇದರಿಂದ ಭಾಗಿಸಿದರೆ ಸುಮಾರು 12,600 ಕೆ.ಜಿ. ಅಷ್ಟು ಕಳುಹಿಸುವವರೆಗೆ ಪ್ರತಿ ತಿಂಗಳೂ ಕೊರತೆ.

ಮಾರಾಟವನ್ನು `Inputs` ಹಾಳೆಯ B10 ರಿಂದ B19 ರವರೆಗೆ ಹತ್ತು ಅಂಕಿಗಳಾಗಿ ಬರೆಯಿರಿ: 3,000, 4,500, 6,000, 7,500, 9,000, 10,500, 12,000, 13,500, 14,500, 15,500 ಕೆ.ಜಿ. ಮಾರಾಟ ಶುರುವಾಗುವ ತಿಂಗಳು B4 ರಲ್ಲಿ, ಈಗ 3. `Cash` ಹಾಳೆಯ ಮಾರಾಟದ ಸಾಲಿಗೆ:

```
=IF(C$1<Inputs!$B$4,0,INDEX(Inputs!$B$10:$B$19,C$1-Inputs!$B$4+1))
```

B4 ಬದಲಿಸಿದರೆ ಇಡೀ ಮಾರಾಟ ಮುಂದಕ್ಕೆ ಜರುಗುತ್ತದೆ. ಇದರ ಉಪಯೋಗ ಮುಂದೆ ಬರುತ್ತದೆ. B4 ಅನ್ನು 3 ಕ್ಕಿಂತ ಕಡಿಮೆ ಮಾಡುವುದಾದರೆ ಪಟ್ಟಿಗೆ ಇನ್ನಷ್ಟು ಅಂಕಿ ಸೇರಿಸಿ ಸೂತ್ರದ `$B$19` ಅನ್ನೂ ಅಲ್ಲಿಯವರೆಗೆ ಹಿಗ್ಗಿಸಬೇಕು, ಇಲ್ಲದಿದ್ದರೆ ಕೊನೆಯ ತಿಂಗಳಲ್ಲಿ `#REF!` ಬರುತ್ತದೆ.

ಉದ್ರಿ ಮತ್ತು ದಾಸ್ತಾನು

ಅಂಗಡಿಗಳಿಗೆ ಸರಾಸರಿ 15 ದಿನದ ಉದ್ರಿ ಕೊಡಬೇಕಾಗುತ್ತದೆ. ಅಕ್ಕಿ-ಬೇಳೆ ವ್ಯಾಪಾರಿ ಹೊಸ ಗಿರಾಕಿಗೆ ಉದ್ರಿ ಕೊಡುವುದಿಲ್ಲ. ಹತ್ತು ದಿನದ ಧಾನ್ಯ ಗೋದಾಮಿನಲ್ಲಿರಬೇಕು. ಅಂದರೆ ಯಾವುದೇ ತಿಂಗಳ ಕೊನೆಗೆ ಆ ತಿಂಗಳ ಮಾರಾಟದ ಅರ್ಧ (ಜಿಎಸ್‌ಟಿ ಸೇರಿ) ಅಂಗಡಿಗಳ ಬಳಿ, ಧಾನ್ಯದ ಖರ್ಚಿನ ಮೂರನೇ ಒಂದು ಭಾಗ ಮೂಟೆಗಳಲ್ಲಿ ಇರುತ್ತದೆ. ಇದನ್ನು ಸೇರಿಸಿದಾಗ ಹಾಳೆಯ ಚಿತ್ರವೇ ಬದಲಾಗುತ್ತದೆ. ಕೆಳಗಿನದು ಲಕ್ಷ ರೂಪಾಯಿಗಳಲ್ಲಿ:

| ತಿಂಗಳು | ಅಲ್ಲಿಯವರೆಗಿನ ಕೊರತೆ | ಉದ್ರಿ + ಧಾನ್ಯ | ಒಟ್ಟು |
|---|---|---|---|
| 3 | 4.50 | 1.17 | 5.67 |
| 6 | 8.67 | 2.93 | 11.60 |
| 9 | 10.58 | 4.69 | 15.27 |
| 10 | 10.39 | 5.28 | 15.67 |
| 12 | 9.40 | 6.06 | 15.46 |

ಒಂಬತ್ತನೆಯ ತಿಂಗಳಿಗೆ ಕೊರತೆ ನಿಂತು, ಹತ್ತರಲ್ಲಿ ಘಟಕ ₹18,500 ಉಳಿಸುತ್ತದೆ. ಆದರೂ ಬ್ಯಾಂಕ್ ಬಾಕಿ ಅತ್ಯಂತ ಕೆಳಗಿಳಿಯುವುದು ಆ ಹತ್ತನೆಯ ತಿಂಗಳಲ್ಲೇ. ಮಾರಾಟ ಏರಿದಷ್ಟೂ ಅಂಗಡಿಗಳಲ್ಲಿ ನಿಲ್ಲುವ ಹಣ ಏರುತ್ತದೆ, ಹೊಸದಾಗಿ ಬಂದ ಉಳಿತಾಯಕ್ಕಿಂತ ಅದು ದೊಡ್ಡದು. ಲಾಭ ಬಂದ ತಿಂಗಳಲ್ಲೇ ಸಂಬಳಕ್ಕೆ ಹಣವಿಲ್ಲದೆ ಪರದಾಡುವ ಘಟಕಗಳ ಕಥೆ ಇದೇ. ಸೂಪರ್‌ಮಾರ್ಕೆಟ್ ಸರಣಿಗೆ ಕೊಡಲು ಹೊರಟರೆ ಉದ್ರಿ 30 ದಿನಕ್ಕೆ ಏರಬಹುದು, ಆಗ ಉದ್ರಿಯ ಮೊತ್ತ ಎರಡು ಪಟ್ಟಾಗುತ್ತದೆ.

ಯಂತ್ರಗಳ ಜಿಎಸ್‌ಟಿಯದೂ ಇಂಥದ್ದೇ ಗುಟ್ಟು. ಯಂತ್ರ, ವೈರಿಂಗ್, ನೀರಿನ ಘಟಕ, ಸ್ಟೀಲ್ ಸಾಮಾನು ಸೇರಿ ₹8,90,000 ಕ್ಕೆ 18% ರಂತೆ ₹1,60,200 ಮೊದಲೇ ಕೊಡಬೇಕು. ಕೊಟೇಷನ್ ಕೆಳಗೆ "ತೆರಿಗೆ ಪ್ರತ್ಯೇಕ" ಎಂದು ಸಣ್ಣಕ್ಷರದಲ್ಲಿರುವುದು ಇದೇ. ಈ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಆದರೆ ಹಿಟ್ಟಿನ ಮೇಲೆ ನೀವು ವಸೂಲು ಮಾಡುವುದು 5% ಮಾತ್ರ. ಮಾರಾಟದ ತೆರಿಗೆ ಕಡಿಮೆ, ಖರೀದಿಯ ತೆರಿಗೆ ಹೆಚ್ಚು ಎಂಬ ಕಾರಣಕ್ಕೆ ಸಿಗುವ ರಿಫಂಡ್ ಯಂತ್ರಗಳ ತೆರಿಗೆಗೆ ಅನ್ವಯಿಸುವುದಿಲ್ಲ. ಹಾಗಾಗಿ ತಿಂಗಳು ತಿಂಗಳು ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಲೇ ಹೋಗಬೇಕು. ಪೌಚಿನ ಮೇಲಿನ ಕ್ರೆಡಿಟ್ಟನ್ನೂ ಲೆಕ್ಕ ಹಾಕಿದರೆ ಈ ಘಟಕದಲ್ಲಿ ಅದು ಪೂರ್ತಿ ಕರಗುವುದು ಹನ್ನೊಂದನೆಯ ತಿಂಗಳಿಗೆ. ಹತ್ತನೆಯ ತಿಂಗಳ ಕೊನೆಗೆ ಸುಮಾರು ₹13,000 ಇನ್ನೂ ಬಾಕಿ. ಟೈಲ್ಸ್‌ನಂಥ ಕಟ್ಟಡಕ್ಕೆ ಸೇರಿದ ಕೆಲಸದ ತೆರಿಗೆಗೆ ಕ್ರೆಡಿಟ್ ನಂಬಿಕೊಳ್ಳಬೇಡಿ, ಅದನ್ನು ಮೊತ್ತದೊಳಗೇ ಸೇರಿಸಿ ಬರೆಯಿರಿ.

ಕೇಳಬೇಕಾದ ಮೊತ್ತ

`Cash` ಹಾಳೆಯ 20ನೇ ಸಾಲು ತಿಂಗಳ ಕೊನೆಯ ಸಂಚಿತ ಬಾಕಿ. ಹೂಡಿಕೆಯ ಹಣವನ್ನು ಇನ್ನೂ ಸೇರಿಸಬೇಡಿ. ಅತ್ಯಂತ ಕೆಳಗಿನ ಅಂಕಿ ಮತ್ತು ಅದು ಬೀಳುವ ತಿಂಗಳು:

```
=MIN(C20:N20)
=INDEX(C1:N1,MATCH(MIN(C20:N20),C20:N20,0))
```

ಇಲ್ಲಿ ಹತ್ತನೆಯ ತಿಂಗಳು, ₹32.75 ಲಕ್ಷ: ಸ್ಥಾಪನೆ 13.35, ಠೇವಣಿ 3.00, ಕೊರತೆ-ಉದ್ರಿ-ಧಾನ್ಯ 15.67, ಪೌಚ್ ದಾಸ್ತಾನು 0.60, ಜಿಎಸ್‌ಟಿ ಬಾಕಿ 0.13.

ಈಗ B4 ಅನ್ನು 5 ಮಾಡಿ. ವಿದ್ಯುತ್ ಸಂಪರ್ಕ ಅಥವಾ ಪರವಾನಗಿ ಎರಡು ತಿಂಗಳು ತಡವಾಯಿತು ಎಂದುಕೊಳ್ಳಿ. `Monthly` ಹಾಳೆಯ C ಕಾಲಂನಲ್ಲಿ ಕೆಲಸಗಾರರು, ವ್ಯಾನ್, ಪ್ರಚಾರ ಎಲ್ಲವನ್ನೂ B4 ಗೆ ಜೋಡಿಸಿದ್ದರೆ (ಮೊದಲೇ ಬರುವವರಿಗೆ `=Inputs!$B$4-1`) ಅಗತ್ಯ ₹1.60 ಲಕ್ಷ ಏರುತ್ತದೆ. ಬಾಡಿಗೆ, ಸ್ಥಾಪಕರ ಸಂಬಳ ಮತ್ತು ಸಿಎ ಮಾತ್ರ ಓಡುತ್ತಿರುತ್ತವೆ. ಜೋಡಿಸದೆ ತಿಂಗಳನ್ನು ಕೈಯಲ್ಲಿ ಬರೆದಿದ್ದರೆ ಏರಿಕೆ ₹5.30 ಲಕ್ಷ. ಇದು ಬರೀ ಹಾಳೆಯ ವ್ಯತ್ಯಾಸವಲ್ಲ. ಸಂಪರ್ಕ ಸಿಗುವ ಮೊದಲೇ ಎಲ್ಲರನ್ನೂ ಕೆಲಸಕ್ಕೆ ತೆಗೆದುಕೊಂಡರೆ ನಿಜಕ್ಕೂ ಅಷ್ಟು ಹಣ ಹೋಗುತ್ತದೆ.

ಎರಡು ತಿಂಗಳು ಜರುಗಿಸಿದಾಗ ಕೆಳಗಿನ ಅಂಕಿ ಹನ್ನೆರಡನೆಯ ತಿಂಗಳಿಗೆ ಹೋಗಿ ನಿಲ್ಲುತ್ತದೆ. ಕೊನೆಯ ಕಾಲಂನಲ್ಲಿ ತಳ ಬಿದ್ದರೆ ಅದು ತಳವೋ ಅಲ್ಲವೋ ಹೇಳಲಾಗದು. ಮಾರಾಟದ ಪಟ್ಟಿಗೆ ಇನ್ನಷ್ಟು ಅಂಕಿ ಸೇರಿಸಿ, ಸೂತ್ರಗಳ ವ್ಯಾಪ್ತಿ ಹಿಗ್ಗಿಸಿ, ಹಾಳೆಯನ್ನು ಹದಿನೆಂಟು ತಿಂಗಳಿಗೆ ಎಳೆದು ನೋಡಿ, ಹೂಡಿಕೆದಾರರಿಗೆ ಹನ್ನೆರಡನ್ನೇ ಕೊಟ್ಟರೂ ಸರಿ.

₹32.75 ಲಕ್ಷಕ್ಕೆ ಸ್ಥಾಪನೆಯ 10% (₹1.34 ಲಕ್ಷ), ವಿಳಂಬದ ₹1.60 ಲಕ್ಷ, ಖಾತೆಯಲ್ಲಿ ಯಾವಾಗಲೂ ಇರಬೇಕಾದ ಒಂದು ತಿಂಗಳ ಸ್ಥಿರ ಖರ್ಚು ₹2.65 ಲಕ್ಷ ಸೇರಿಸಿದರೆ ₹38.34 ಲಕ್ಷ. ಕೇಳುವುದು ₹38.5 ಲಕ್ಷ. ಮೂರು ಸೇರ್ಪಡೆಗಳನ್ನೂ ಬೇರೆ ಬೇರೆ ತೋರಿಸಿ. "ಇತರೆ 20%" ಎಂಬ ಒಂದೇ ಸಾಲನ್ನು ಹೂಡಿಕೆದಾರರು ಮೊದಲು ಕತ್ತರಿಸುತ್ತಾರೆ, ಕಾರಣ ಬರೆದ ಸಾಲನ್ನು ಚರ್ಚಿಸುತ್ತಾರೆ. ಹಣ ಕಂತಿನಲ್ಲಿ ಬರುವುದಾದರೆ ಮೂರನೆಯ ತಿಂಗಳ ಕೊನೆಯೊಳಗೆ ₹24 ಲಕ್ಷ ಮೀರಿ ಬೇಕೆಂಬುದನ್ನು ಕರಾರಿಗೆ ಮೊದಲೇ ಹೇಳಿ, ಏಕೆಂದರೆ ಸ್ಥಾಪನೆ, ಠೇವಣಿ, ಯಂತ್ರದ ಜಿಎಸ್‌ಟಿ ಎಲ್ಲ ಆ ಮೂರು ತಿಂಗಳಲ್ಲೇ ಹೋಗುತ್ತವೆ. ಸಮ ಕಂತು ಒಪ್ಪಿಕೊಂಡರೆ ಕೋಲ್ಡ್ ರೂಮ್ ಕೊನೆಯ ಕಂತಿಗೆ ಕಾಯುತ್ತಾ ನಿಲ್ಲುತ್ತದೆ.

ಯಂತ್ರಕ್ಕೆ ಬ್ಯಾಂಕ್ ಸಾಲ ತೆಗೆದರೆ `OneTime` ನಲ್ಲಿ ನಿಮ್ಮ ಮಾರ್ಜಿನ್ ಹಣ ಮಾತ್ರ ಇರಬೇಕು, ಇಎಂಐ `Monthly` ಗೆ ಹೋಗಬೇಕು. ಪೂರ್ತಿ ಬೆಲೆ ಅಲ್ಲಿ, ಇಎಂಐ ಇಲ್ಲಿ ಎರಡೂ ಇದ್ದರೆ ಒಂದೇ ಯಂತ್ರಕ್ಕೆ ಎರಡು ಸಲ ಹಣ ಕೇಳಿದಂತೆ. ಸವಕಳಿಗೆ ನಗದಿನ ಹಾಳೆಯಲ್ಲಿ ಜಾಗವೇ ಇಲ್ಲ, ಅದು ಲಾಭ-ನಷ್ಟದ ಹಾಳೆಯದು.

ಅಲುಗಾಡಿಸಿ ನೋಡುವುದು

ಎರಡು ಅಂಕಿಗಳನ್ನು ಬದಲಿಸಿ ನೋಡಿದರೆ ಸಾಕು. ಉದ್ದಿನಬೇಳೆ ₹125 ರಿಂದ ₹150 ಆದರೆ ಕೆ.ಜಿ. ಹಿಟ್ಟಿಗೆ ₹2.10 ಏರುತ್ತದೆ, ಉಳಿಯುವುದು ₹18.90, ತಿಂಗಳಿಗೆ ಬೇಕಾದ ಮಾರಾಟ 14,000 ಕೆ.ಜಿ. ದಾಟುತ್ತದೆ. ವಾಪಸಾತಿ 6% ರಿಂದ 12% ಆದರೆ ಪೆಟ್ಟು ಇನ್ನೂ ಜೋರು: ಉಳಿಯುವುದು ₹17.68, ಬೇಕಾದ ಮಾರಾಟ ಸುಮಾರು 15,000 ಕೆ.ಜಿ. ಬೇಳೆಯ ಬೆಲೆ ನಿಮ್ಮ ಕೈಯಲ್ಲಿಲ್ಲ. ವಾಪಸಾತಿ ಮಾತ್ರ ನಿಮ್ಮ ಕೈಯಲ್ಲಿದೆ, ಅದೂ ಹೆಚ್ಚಿನ ಪಾಲು ಕೋಲ್ಡ್ ರೂಮ್, ಜನರೇಟರ್ ಮತ್ತು ಅಂಗಡಿಯ ಫ್ರಿಜ್‌ನ ಮೇಲೆ ನಿಂತಿದೆ. ಬಜೆಟ್ ಕಡಿತ ಮಾಡಿ ಎಂದು ಯಾರಾದರೂ ಕೇಳಿದಾಗ ಮೊದಲು ಕಣ್ಣಿಗೆ ಬೀಳುವುದು ₹1,40,000 ದ ಜನರೇಟರ್. ವಿದ್ಯುತ್ ಹೋದ ಒಂದು ಬೇಸಿಗೆಯ ರಾತ್ರಿಗೆ ಹಿಟ್ಟು ಹುಳಿಯುತ್ತದೆ ಎಂಬುದನ್ನು ಈ ಎರಡು ಅಂಕಿಗಳ ಜೊತೆ ತೋರಿಸಿ, ಕಡಿತವನ್ನು ಟೈಲ್ಸ್ ಅಥವಾ ಪ್ರಚಾರದ ಸಾಲಿನಿಂದ ಕೊಡಿ.

ಹೂಡಿಕೆದಾರರಿಗೆ ಕೊಡುವ ಕಡತದಲ್ಲಿ ಕೈಯಿಂದ ಬರೆದ ಅಂಕಿಗಳೆಲ್ಲ ಒಂದು ಬಣ್ಣದಲ್ಲಿ, ಸೂತ್ರಗಳು ಇನ್ನೊಂದು ಬಣ್ಣದಲ್ಲಿರಲಿ. ಕೊಟೇಷನ್‌ಗಳಿಗೆ ಕ್ರಮಸಂಖ್ಯೆ ಕೊಟ್ಟು B ಕಾಲಂನಲ್ಲಿ ಅದೇ ಸಂಖ್ಯೆ ಬರೆಯಿರಿ. ಕೊಟೇಷನ್‌ನ ಕೆಳಗೆ ಅವಧಿ ಎಷ್ಟು ದಿನ ಎಂದಿರುತ್ತದೆ. ಸಭೆಯ ದಿನಕ್ಕೆ ಅವಧಿ ಮುಗಿದವುಗಳಿಗೆ ಫೋನ್ ಮಾಡಿ ಬೆಲೆ ಮತ್ತೆ ಖಚಿತಪಡಿಸಿಕೊಂಡು ತಾರೀಕು ತಿದ್ದಿ. ಹಣ ಬಂದ ಮೇಲೆ `OneTime` ನ F ಕಾಲಂ ನಿಜವಾಗಿ ಕೊಟ್ಟ ಮೊತ್ತಕ್ಕೆ, G ಕಾಲಂ ಬಿಲ್ ಸಂಖ್ಯೆಗೆ. ಮೊದಲ ವರದಿ ಕೇಳುವ ಹೊತ್ತಿಗೆ E ಮತ್ತು F ನಡುವಿನ ವ್ಯತ್ಯಾಸ ಸಾಲು ಸಾಲಾಗಿ ಸಿದ್ಧವಿರುತ್ತದೆ.